ಮೆಹಂದಿ ಹಚ್ಚಿದ ಕೈ ಮತ್ತು ಒಂದು ಗುಂಡಿ

ಕೈಕೆಲಸದ ಕೌಶಲವನ್ನು ಕಲಿಸುವ ಬಗ್ಗೆ ಓದುವಾಗ ನಾವೆಲ್ಲ ಆರ್. ಎಚ್. ದವೆ ಅವರು 1970ರಲ್ಲಿ ಮುಂದಿಟ್ಟ ಐದು ಮೆಟ್ಟಿಲುಗಳನ್ನು ಬಾಯಿಪಾಠ ಮಾಡುತ್ತೇವೆ. ಅನುಕರಣೆ, ನಿರ್ವಹಣೆ, ನಿಖರತೆ, ಸಮನ್ವಯ, ಸಹಜತೆ. ಮೊದಲ ಮೆಟ್ಟಿಲಿನಲ್ಲಿ ಕಲಿಯುವವನು ಕಲಿಸುವವರನ್ನು ನೋಡಿ ಹಾಗೆಯೇ ಮಾಡುತ್ತಾನೆ. ಎರಡನೆಯದರಲ್ಲಿ ನೋಡದೆ, ಹೇಳಿದ್ದನ್ನು ಕೇಳಿ ಮಾಡುತ್ತಾನೆ. ನಮ್ಮ ಪಾಠಯೋಜನೆಗಳಲ್ಲಿ ಪ್ರಾತ್ಯಕ್ಷಿಕೆ ಯಾವಾಗಲೂ ಮೊದಲು ಬರುವುದು ಇದೇ ಕಾರಣಕ್ಕೆ. ಆದರೆ ಕಲಿಸುವವರ ಕೈ ಕಟ್ಟಿಹಾಕಿದಂತಾಗಿ ಮೊದಲ ಮೆಟ್ಟಿಲೇ ಇಲ್ಲದೆ ಹೋದರೆ ಪಾಠ ಹೇಗೆ ನಡೆಯುತ್ತದೆ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಶಾಲೆಯಲ್ಲಲ್ಲ. ನನ್ನ ಮದುವೆಯ ಹಿಂದಿನ ರಾತ್ರಿ, ನಮ್ಮ ಮನೆಯ ನಡುಮನೆಯಲ್ಲಿ, ತಮ್ಮನಿಗೆ ಅಂಗಿಯ ಗುಂಡಿ ಹೊಲಿಯುವುದನ್ನು ಕಲಿಸುವಾಗ.

ಅಂದು ರಾತ್ರಿ ಹನ್ನೊಂದು ಗಂಟೆ ಆಗಿತ್ತು. ಎರಡೂ ಕೈಗೆ ಮೊಣಕೈವರೆಗೆ ಮೆಹಂದಿ ಹಾಕಿಸಿಕೊಂಡು, ಕೈಗಳನ್ನು ಎರಡು ದಿಂಬಿನ ಮೇಲಿಟ್ಟು ನಾನು ಗೋಡೆಗೆ ಒರಗಿ ಕೂತಿದ್ದೆ. ಬಣ್ಣ ಚೆನ್ನಾಗಿ ಹಿಡಿಯಬೇಕಾದರೆ ಇನ್ನೂ ಕೆಲವು ಗಂಟೆ ಹಾಗೆಯೇ ಇರಬೇಕಿತ್ತು. ತಮ್ಮ ಮಾರನೆಯ ದಿನ ಹಾಕಿಕೊಳ್ಳುವ ಕೆನೆಬಣ್ಣದ ರೇಷ್ಮೆ ಅಂಗಿಯನ್ನು ಹಿಡಿದುಕೊಂಡು ಬಂದ. ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ. ಅರಳು ಸುರಿಯುವ ಶಾಸ್ತ್ರಕ್ಕೆ ಹುಡುಗಿಯ ಒಡಹುಟ್ಟಿದವನೇ ಬೇಕು. ನಮ್ಮ ಮನೆಯಲ್ಲಿ ಇರುವವನು ಅವನೊಬ್ಬನೇ. ಎಲ್ಲರ ಎದುರಿಗೆ, ಹೋಮದ ಮುಂದೆ, ಎದೆಯ ಹತ್ತಿರ ಬಾಯಿಬಿಟ್ಟ ಅಂಗಿಯಲ್ಲಿ ನಿಲ್ಲುವುದು ಅವನಿಗೆ ಬೇಡವಾಗಿತ್ತು.

"ಅಕ್ಕ, ಬೇಗ ಒಂದು ಹೊಲಿಗೆ ಹಾಕ್ಕೊಡು" ಎಂದವನು ನನ್ನ ಕೈ ನೋಡಿ ಸುಮ್ಮನಾದ. ಆಮೇಲೆ, "ಅಮ್ಮನ್ನ ಎಬ್ಬಿಸ್ಲಾ?" ಎಂದ.

ಅಮ್ಮ ಬೆಳಗಿನ ನಾಲ್ಕು ಗಂಟೆಗೆ ಎದ್ದವರು ಆಗತಾನೇ ಮಲಗಿದ್ದರು. ಮೂರು ಗಂಟೆಗೆ ಮತ್ತೆ ಏಳಬೇಕಿತ್ತು. ನಮ್ಮ ಮನೆಯಲ್ಲಿ ಗುಂಡಿ, ಹೆಮ್ಮಿಂಗು, ಹರಿದ ಜೇಬು ಎಲ್ಲವೂ ಇಷ್ಟು ವರ್ಷ ನನ್ನ ಪಾಲಿನ ಕೆಲಸವಾಗಿದ್ದವು. ನಾನು ಹೋದ ಮೇಲೆ ಅವೆಲ್ಲ ಯಾರ ಪಾಲಿಗೆ ಬರುತ್ತವೆ ಎಂಬುದು ಆ ಪ್ರಶ್ನೆಯಲ್ಲೇ ಇತ್ತು.

"ಎಬ್ಬಿಸಬೇಡ. ಸೂಜಿದಾರದ ಡಬ್ಬ ತಗೊಂಡು ಬಾ. ನೀನೇ ಹಾಕ್ತೀಯ" ಎಂದೆ.

ತಮ್ಮನಿಗೆ ಇಪ್ಪತ್ತೊಂದು ವರ್ಷ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿ ಮನೆಗಳ ವೈರಿಂಗ್ ಕೆಲಸ ಮಾಡುತ್ತಾನೆ. ಅವನ ಕೈ ಚುರುಕು. ಸೂಜಿಯನ್ನು ಮಾತ್ರ ಹಿಡಿದವನಲ್ಲ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವನ್ನು ನನ್ನ ಮುಂದೆ ತೆರೆದು, ಟ್ಯೂಬ್‌ಲೈಟಿನ ಕೆಳಗೆ ಕೂತ.

ಮೊದಲು ಗುಂಡಿ ಬೇಕಲ್ಲ. ಉದುರಿದ್ದು ಸಿಕ್ಕಿರಲಿಲ್ಲ. "ಅಂಗಿಯ ಒಳಗಡೆ, ಗುಂಡಿಪಟ್ಟಿಯ ಕೆಳತುದಿ ನೋಡು" ಎಂದೆ. ಅಲ್ಲಿ ಅದೇ ಬಣ್ಣದ ಒಂದು ಗುಂಡಿ ಹೆಚ್ಚಿಗೆ ಹೊಲಿದಿತ್ತು. ಬಹಳಷ್ಟು ಸಿದ್ಧ ಅಂಗಿಗಳಲ್ಲಿ ಇದು ಇರುತ್ತದೆ. ಅದನ್ನು ಬಿಡಿಸುವಾಗ ಕತ್ತರಿ ಗುಂಡಿಗೂ ಬಟ್ಟೆಗೂ ನಡುವಿನ ದಾರವನ್ನಷ್ಟೇ ಕತ್ತರಿಸಬೇಕು, ರೇಷ್ಮೆಯನ್ನು ಎಳೆಯಬಾರದು ಎಂದು ಹೇಳಿದೆ. ದಾರದ ಬಣ್ಣಕ್ಕೆ ಬಂದಾಗ ರೀಲನ್ನೇ ಅಂಗಿಯ ಮೇಲಿಟ್ಟು ನೋಡತೊಡಗಿದ. ರೀಲಿನಲ್ಲಿ ಒತ್ತಾಗಿ ಸುತ್ತಿಕೊಂಡಾಗ ದಾರ ಗಾಢವಾಗಿ ಕಾಣುತ್ತದೆ. ಒಂದೇ ಎಳೆ ಬಿಡಿಸಿ ಬಟ್ಟೆಯ ಮೇಲೆ ಹಾಸಿ ನೋಡಿದರೆ ನಿಜವಾದ ಬಣ್ಣ ತಿಳಿಯುತ್ತದೆ. ಎರಡು ರೀಲು ಬಿಟ್ಟು ಮೂರನೆಯದನ್ನು ಅವನೇ ಆರಿಸಿದ. ಸೂಜಿಗಳಲ್ಲಿ ತೀರ ಸಣ್ಣದನ್ನು ತೆಗೆದುಕೊಳ್ಳಲು ಹೇಳಿದೆ. ರೇಷ್ಮೆಯಲ್ಲಿ ದಪ್ಪ ಸೂಜಿ ಮಾಡಿದ ತೂತು ಮುಚ್ಚಿಕೊಳ್ಳುವುದಿಲ್ಲ.

ನಿಜವಾದ ಪಾಠ ಶುರುವಾದದ್ದು ದಾರ ಪೋಣಿಸುವಲ್ಲಿ. ದಾರವನ್ನು ಒಂದಂಗುಲ ಹೊರಗೆ ಬಿಟ್ಟು ಹಿಡಿದು ಸೂಜಿಯ ಕಣ್ಣಿಗೆ ತೂರಿಸಲು ನೋಡಿದ. ದಾರ ಪ್ರತಿಸಲವೂ ಬಾಗಿ ಪಕ್ಕಕ್ಕೆ ಹೋಯಿತು. ನನ್ನ ಕೈ ಬಿಡುವಾಗಿದ್ದರೆ ಸೂಜಿ ಇಸಿದುಕೊಂಡು ಒಂದೇ ಕ್ಷಣದಲ್ಲಿ ಪೋಣಿಸಿ ಕೊಡುತ್ತಿದ್ದೆ. ಅವನಿಗೆ ಸಿಗುತ್ತಿದ್ದದ್ದು ಪೋಣಿಸಿದ ಸೂಜಿ ಮಾತ್ರ. ಈಗ ಮಾತಿನಲ್ಲೇ ದಾರಿ ಹುಡುಕಬೇಕಾಗಿತ್ತು. "ದಾರ ಯಾಕೆ ಬಾಗ್ತಿದೆ?" ಎಂದು ಕೇಳಿದೆ.

"ಮೆತ್ತಗಿದೆ."

"ಉದ್ದ ಕಡಿಮೆ ಮಾಡಿದ್ರೆ?"

ದಾರದ ತುದಿಯನ್ನು ಓರೆಯಾಗಿ ಕತ್ತರಿಸಿದ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಹಿಡಿದು, ತುದಿ ಎರಡು ಮಿಲಿಮೀಟರಿನಷ್ಟು ಮಾತ್ರ ಕಾಣುವಂತೆ ಮಾಡಿದ. ದಾರವನ್ನು ಸೂಜಿಗೆ ತರುವ ಬದಲು ಸೂಜಿಯ ಕಣ್ಣನ್ನೇ ಆ ತುದಿಯ ಮೇಲೆ ಇಳಿಸಲು ಹೇಳಿದೆ. ಎರಡನೆಯ ಸಲಕ್ಕೆ ಹೊಕ್ಕಿತು. ಅದೇ ದಾರ, ಹೊರಗೆ ಉಳಿದ ಭಾಗ ಗಿಡ್ಡವಾದ್ದರಿಂದ ಬಾಗದೆ ನೆಟ್ಟಗೆ ನಿಂತಿತ್ತು. ಒಂದೂವರೆ ಮೊಳ ದಾರ ಎಳೆದು ಮಡಿಸಿ ಎರಡೆಳೆ ಮಾಡಿಸಿದೆ. ಒಂದು ಗುಂಡಿಗೆ ಅಷ್ಟು ಸಾಕು. ಇನ್ನೂ ಉದ್ದ ತೆಗೆದರೆ ಹೊಲಿಯುವಾಗ ಸಿಕ್ಕಾಗುತ್ತದೆ.

ಆಮೇಲೆ ಗಂಟು. ತೋರುಬೆರಳಿಗೆ ದಾರ ಸುತ್ತಿ, ಹೆಬ್ಬೆರಳಿನಿಂದ ಉರುಳಿಸಿ, ಎಳೆದು ಹಾಕುವ ಗಂಟು ನನಗೆ ಕಣ್ಣುಮುಚ್ಚಿ ಬರುತ್ತದೆ. ಆದರೆ ಬರೀ ಮಾತಿನಲ್ಲಿ ಹೇಳಿದರೆ ಅದು ಒಗಟಿನಂತೆ ಕೇಳಿಸುತ್ತದೆ. ಹಾಗಾಗಿ ಗಂಟನ್ನೇ ಬಿಟ್ಟು, ಮಾತಿನಲ್ಲಿ ಹೇಳಬಹುದಾದ ಇನ್ನೊಂದು ವಿಧಾನಕ್ಕೆ ಹೋದೆ. ಹಳೆಯ ಗುಂಡಿ ಇದ್ದ ಜಾಗದಲ್ಲಿ ಸೂಜಿಯ ಹಳೆಯ ತೂತುಗಳು ಕಾಣುತ್ತಿದ್ದವು. ಅಂಗಿಯ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಆ ಜಾಗ ಕಾಜಾದ ನೇರಕ್ಕೇ ಇದೆಯೇ ಎಂದು ನೋಡಲು ಹೇಳಿದೆ. ಇತ್ತು. ಅಲ್ಲಿಯೇ, ಬಟ್ಟೆಯ ಮೇಲ್ಭಾಗದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದಾಗಿ ಎರಡು ಹೊಲಿಗೆ ಒಂದರ ಮೇಲೊಂದು ಹಾಕಿಸಿದೆ. ಗುಂಡಿ ಕೂತ ಮೇಲೆ ಅದರಡಿ ಇವು ಮುಚ್ಚಿಹೋಗುತ್ತವೆ. ತೆಳು ರೇಷ್ಮೆಯಲ್ಲಿ ಸಣ್ಣ ಗಂಟು ಬಟ್ಟೆಯನ್ನು ತೂರಿ ಹೊರಗೆ ಬಂದುಬಿಡಬಹುದು, ಈ ಹೊಲಿಗೆ ಬರುವುದಿಲ್ಲ.

"ಸರಿಯಾಯ್ತಾ?" ಎಂದು ಅಂಗಿಯನ್ನು ನನ್ನ ಮುಖದ ಹತ್ತಿರ ಹಿಡಿದ. ಅಷ್ಟು ಸಣ್ಣ ಹೊಲಿಗೆ ಆ ಬೆಳಕಿನಲ್ಲಿ ನನಗೆ ಕಾಣಲಿಲ್ಲ.

"ನನ್ನ ಕೇಳಬೇಡ. ದಾರನ ಮೆಲ್ಲಗೆ ಎಳಿ. ಕಿತ್ತು ಬಂದ್ರೆ ಇನ್ನೊಂದು ಹಾಕು. ಬರದಿದ್ರೆ ಮುಂದಕ್ಕೆ ಹೋಗು."

ಎಳೆದು ನೋಡಿದ. ಬರಲಿಲ್ಲ. ಅಲ್ಲಿಂದ ಮುಂದೆ ಅವನು "ಸರಿಯಾಯ್ತಾ" ಎಂದು ಕೇಳುವುದು ಕಡಿಮೆಯಾಯಿತು, "ಈಗ ಏನು ನೋಡ್ಬೇಕು?" ಎಂದು ಕೇಳತೊಡಗಿದ. ಪ್ರತಿ ಹೆಜ್ಜೆಗೂ ಒಂದು ಪರೀಕ್ಷೆ ಬೇಕು, ಅದು ಅವನ ಕೈಯಲ್ಲೇ ಇರಬೇಕು ಎಂಬುದು ನನಗೆ ಹೊಳೆದದ್ದು ಆಗ.

ಗುಂಡಿಗೆ ನಾಲ್ಕು ತೂತು. ಹೊಲಿಗೆ ಸಮಾನಾಂತರವಾಗಿ ಹೋಗಬೇಕೋ, ಗುಣಾಕಾರದ ಗುರುತಿನಂತೆ ಹೋಗಬೇಕೋ? "ಬೇರೆ ಗುಂಡಿ ನೋಡು" ಎಂದೆ. ನೋಡಿ, ಎರಡು ಅಡ್ಡಗೆರೆಗಳಿವೆ ಎಂದ. ಹಾಗಾದರೆ ಇದಕ್ಕೂ ಅದೇ. ಬಟ್ಟೆಯ ಕೆಳಗಿನಿಂದ ಸೂಜಿ ಮೇಲೆ ಬರುವಾಗ ತೂತು ಕಣ್ಣಿಗೆ ಕಾಣುವುದಿಲ್ಲ. ಸೂಜಿಯ ಮೊನೆ ಗುಂಡಿಯ ಅಡಿಗೆ ತಾಗಿದರೆ ಸಣ್ಣಗೆ 'ಟಕ್' ಎನ್ನುತ್ತದೆ. ಆಗ ಬಲವಾಗಿ ತಳ್ಳದೆ, ಮೊನೆಯನ್ನು ಕೂದಲೆಳೆಯಷ್ಟು ಸರಿಸುತ್ತ ತೂತು ಹುಡುಕಬೇಕು. ಆ ಸದ್ದು ಗೋಡೆಗೊರಗಿ ಕೂತ ನನಗೂ ಕೇಳುತ್ತಿತ್ತು. ಅವನ ಕೈ ನನಗೆ ಸರಿಯಾಗಿ ಕಾಣದಿದ್ದರೂ ಎಲ್ಲಿ ತಡೆಯುತ್ತಿದೆ ಎಂಬುದು ತಿಳಿಯುತ್ತಿತ್ತು.

ಇಡೀ ಕೆಲಸದ ಹೃದಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಗುಂಡಿಯನ್ನು ಬಟ್ಟೆಗೆ ಅಂಟಿಕೊಂಡಂತೆ ಬಿಗಿಯಾಗಿ ಹೊಲಿಯಬೇಕು ಎಂದೇ ಯಾರಿಗಾದರೂ ಅನ್ನಿಸುತ್ತದೆ. ಆದರೆ ಗುಂಡಿ ಹಾಕಿಕೊಂಡಾಗ ಕಾಜಾ ಇರುವ ಪಟ್ಟಿ ಗುಂಡಿಗೂ ಕೆಳಬಟ್ಟೆಗೂ ನಡುವೆ ಬಂದು ಕೂರುತ್ತದೆ. ಆ ಪಟ್ಟಿ ಹಲವು ಪದರದ್ದು, ದಪ್ಪವಾದದ್ದು. ಅದಕ್ಕೆ ಜಾಗ ಬೇಕು. ಜಾಗ ಇಲ್ಲದಿದ್ದರೆ ಬಟ್ಟೆ ಸುಕ್ಕಾಗುತ್ತದೆ. ಪ್ರತಿಸಲ ಹಾಕಿ ಬಿಚ್ಚುವಾಗಲೂ ಎಳೆತವೆಲ್ಲ ದಾರದ ಮೇಲೆ, ಅದರಡಿಯ ಬಟ್ಟೆಯ ಮೇಲೆ ಬೀಳುತ್ತದೆ. ಅದಕ್ಕಾಗಿ ಗುಂಡಿಗೆ ದಾರದ್ದೇ ಒಂದು ಪುಟ್ಟ ಕತ್ತು ಇರಬೇಕು. ಇದನ್ನು ವಿವರಿಸದೆ, ಬೇಕೆಂದೇ ಎರಡು ಸಲ ಬಿಗಿಯಾಗಿ ಹೊಲಿಯಲು ಬಿಟ್ಟೆ. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಗುಂಡಿಯನ್ನು ಕಾಜಾಕ್ಕೆ ಹಾಕಿ ನೋಡಲು ಹೇಳಿದೆ.

ಕಷ್ಟಪಟ್ಟು ಹಾಕಿದ. ಗುಂಡಿಯ ಸುತ್ತ ರೇಷ್ಮೆ ಒಳಕ್ಕೆ ಎಳೆದುಕೊಂಡು ನಾಲ್ಕು ಕಡೆ ಸುಕ್ಕಾಯಿತು.

"ಎಲ್ಲ ಸರಿಯಾಗೇ ಹಾಕಿದ್ದೀನಿ. ಯಾಕಕ್ಕ ಹಿಂಗೆ?"

"ಕಂಬದಿಂದ ಮನೆಗೆ ಸರ್ವಿಸ್ ವೈರ್ ಎಳೀತೀಯಲ್ಲ, ಬಿಗಿಯಾಗಿ ಎಳೀತೀಯಾ?"

"ಹಂಗೆ ಎಳೆದ್ರೆ ಚಳಿಗೆ ಕುಗ್ಗಿ ಬಿಗಿದುಕೊಳ್ಳುತ್ತೆ. ಸ್ವಲ್ಪ ಸಡಿಲ ಬಿಡ್ಬೇಕು" ಎಂದವನು ಗುಂಡಿಯನ್ನು ನೋಡಿದ. "ಓ, ಇದಕ್ಕೂ ಸಡಿಲ ಬೇಕು. ಎಷ್ಟು?"

"ಮೇಲೆ ಬರೋ ಪಟ್ಟಿ ಎಷ್ಟು ದಪ್ಪ ಇದೆಯೋ ಅಷ್ಟು."

ಎಷ್ಟು ಎಂಬ ಪ್ರಶ್ನೆ ಅವನಿಂದಲೇ ಬಂತು. ಅಳತೆಯನ್ನು ನಾನು ಮೊದಲೇ ಹೇಳಿದ್ದರೆ ಅದು ನೆನಪಿಡಬೇಕಾದ ಒಂದು ಸಂಖ್ಯೆ ಮಾತ್ರ ಆಗುತ್ತಿತ್ತು. ಈಗ ಕೋಟಿನ ದಪ್ಪ ಬಟ್ಟೆಗೆ ಕತ್ತು ಉದ್ದವಿರಬೇಕು, ತೆಳು ಅಂಗಿಗೆ ಗಿಡ್ಡ ಸಾಕು ಎಂಬುದನ್ನು ಅವನೇ ಲೆಕ್ಕ ಹಾಕಬಲ್ಲ.

ಎರಡು ಸುತ್ತನ್ನು ಬಿಚ್ಚಿದ. ದೇವರಮನೆಯಿಂದ ಒಂದು ಬೆಂಕಿಕಡ್ಡಿ ತಂದು ಗುಂಡಿಯ ಮೇಲೆ, ತೂತುಗಳ ನಡುವೆ ಅಡ್ಡ ಇಟ್ಟ. ಈಗ ದಾರ ಕಡ್ಡಿಯ ಮೇಲೆ ಹಾದು ಇಳಿಯುತ್ತದೆ. ಪ್ರತಿ ಜೋಡಿ ತೂತಿಗೆ ಮೂರು ಸಲ. ಎರಡೆಳೆ ದಾರವಾದ್ದರಿಂದ ಅಷ್ಟೇ ಸಾಕು. ಇನ್ನೂ ಹೆಚ್ಚು ಹಾಕಿದರೆ ತೂತಿನಲ್ಲಿ ಸೂಜಿ ಸಿಕ್ಕಿಕೊಳ್ಳುತ್ತದೆ. ನಾನು ಎಣಿಸಲಿಲ್ಲ. ಅವನೇ ಬಾಯಲ್ಲಿ ಎಣಿಸುತ್ತಿದ್ದ.

ಕೊನೆಯ ಹೆಜ್ಜೆ ಮಾತಿಗೆ ಎಲ್ಲಕ್ಕಿಂತ ಕಷ್ಟದ್ದು. ಕಡೆಯ ಸಲ ಸೂಜಿ ಗುಂಡಿಯ ತೂತಿನಿಂದ ಕೆಳಗಿಳಿಯಬೇಕು, ಆದರೆ ಬಟ್ಟೆಯನ್ನು ಚುಚ್ಚಬಾರದು. ಗುಂಡಿಗೂ ಬಟ್ಟೆಗೂ ನಡುವೆ ಪಕ್ಕಕ್ಕೆ ಬರಬೇಕು. ಹೀಗೆಯೇ ಹೇಳಿದಾಗ ಅವನು ಸೂಜಿ ಹಿಡಿದುಕೊಂಡು ಸುಮ್ಮನೆ ಕೂತ. ಹೊರಗೆ, ಬೆಳಿಗ್ಗೆ ಅವನೇ ನಿಂತು ಹಾಕಿಸಿದ ಚಪ್ಪರ ಕಾಣುತ್ತಿತ್ತು.

"ಗುಂಡಿ ಅಂದ್ರೆ ಚಪ್ಪರದ ಮೇಲಿನ ಸೋಗೆ, ಬಟ್ಟೆ ಅಂದ್ರೆ ನೆಲ. ಸೂಜಿ ಸೋಗೆಯಿಂದ ಕೆಳಕ್ಕಿಳಿದು, ನೆಲ ಮುಟ್ಟದೆ ಹೊರಗೆ ಬರ್ಬೇಕು."

"ಮಧ್ಯದಲ್ಲಿರೋ ದಾರ ಕಂಬ" ಎಂದ ಅವನು. "ಕಂಬಕ್ಕೆ ಹಗ್ಗ ಸುತ್ತೋದು."

ಮುಂದಿನದನ್ನು ನಾನು ಹೇಳಬೇಕಾಗಲೇ ಇಲ್ಲ. ಕಡ್ಡಿ ತೆಗೆದ. ಗುಂಡಿಯನ್ನು ಮೇಲಕ್ಕೆ ಎತ್ತಿ ಹಿಡಿದು, ಕೆಳಗಿನ ದಾರದ ಕಂಬಕ್ಕೆ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿದ. ಸೂಜಿಯನ್ನು ಬಟ್ಟೆಯ ಹಿಂದಕ್ಕೆ ಇಳಿಸಿ, ಮೊದಲಿನಂತೆಯೇ ಎರಡು ಪುಟ್ಟ ಹೊಲಿಗೆ ಹಾಕಿ, ಎರಡನೆಯದರ ಕುಣಿಕೆಯೊಳಗೆ ಸೂಜಿ ತೂರಿಸಿ ಎಳೆದು ದಾರ ಕತ್ತರಿಸಿದ. ಈಗ ಪರೀಕ್ಷೆಗಳು ಮೂರು. ಗುಂಡಿ ಹಾಕಿದಾಗ ಬಟ್ಟೆ ಸಮವಾಗಿ ಕೂರಬೇಕು. ಬಿಚ್ಚಿ ಬೆರಳಿನಿಂದ ಅಲ್ಲಾಡಿಸಿದರೆ ಗುಂಡಿ ಕತ್ತಿನ ಮೇಲೆ ವಾಲಬೇಕು, ಆದರೆ ದಾರದ ಎಳೆಗಳು ಬೇರೆಬೇರೆಯಾಗಿ ಕಾಣಬಾರದು. ಬಟ್ಟೆಯ ಹಿಂಬದಿಯಲ್ಲಿ ಬೆರಳಿಗೆ ಸಿಗುವಂಥ ಸಡಿಲ ಕುಣಿಕೆ ಇರಬಾರದು. ಮೂರನ್ನೂ ಅವನೇ ಮಾಡಿ ನೋಡಿಕೊಂಡ. ನಾನು ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚೇ ಹಿಡಿದಿತ್ತು.

ಆಮೇಲೆ ನಡೆದದ್ದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಅಂಗಿ ಮಡಿಸುವಾಗ ಮೂರನೆಯ ಗುಂಡಿಯಿಂದ ಒಂದು ದಾರ ಜೋತುಬಿದ್ದದ್ದು ಅವನ ಕಣ್ಣಿಗೆ ಬಿತ್ತು. ಮೆಲ್ಲಗೆ ಎಳೆದ. ಸರಸರನೆ ಪೂರ್ತಿ ಹೊಲಿಗೆ ಬಿಚ್ಚಿಕೊಂಡು ಗುಂಡಿ ಕೈಗೆ ಬಂತು. "ಎರಡನೇದೂ ಹಿಂಗೇ ಹೋಗಿರೋದು" ಎಂದ. ಅವನ ಊಹೆ ಸರಿಯಾಗಿಯೇ ಇತ್ತು. ಕಾರ್ಖಾನೆಗಳಲ್ಲಿ ಗುಂಡಿ ಹೊಲಿಯುವ ಯಂತ್ರಗಳಲ್ಲಿ ಅನೇಕವು ಒಂದೇ ದಾರದಿಂದ ಸರಪಳಿ ಹೊಲಿಗೆ ಹಾಕುತ್ತವೆ. ಒಂದು ಕುಣಿಕೆಯನ್ನು ಮುಂದಿನ ಕುಣಿಕೆ ಹಿಡಿದಿರುತ್ತದೆ. ಕೊನೆಯ ತುದಿ ಭದ್ರವಾಗಿಲ್ಲದಿದ್ದರೆ, ಒಂದನ್ನು ಎಳೆದಾಗ ಸಾಲಾಗಿ ಎಲ್ಲವೂ ಕಳಚಿಕೊಳ್ಳುತ್ತವೆ. ಹೊಸ ಅಂಗಿಯ ಗುಂಡಿಯಲ್ಲಿ ಜೋತುಬಿದ್ದ ದಾರ ಕಂಡರೆ ಎಳೆಯಬಾರದು, ಅದನ್ನು ಹಿಂದಕ್ಕೆ ತೂರಿಸಿ ಗಂಟು ಹಾಕಬೇಕು ಎಂದು ಅಕ್ಕಸಾಲು ಹಿಡಿದು ಕಲಿಸುವಂತೆ ಹೇಳಹೊರಟವಳು ತಡೆದುಕೊಂಡೆ. ಅವನು ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದ. ಬೆಂಕಿಕಡ್ಡಿಯನ್ನು ನೆನಪಿಟ್ಟು ಇಟ್ಟ. ಮೂರು ಸಲ ಎಣಿಸಿದ. ಹತ್ತು ಹನ್ನೆರಡು ನಿಮಿಷದಲ್ಲಿ ಗುಂಡಿ ಕೂತಿತು. ಅಷ್ಟು ಹೊತ್ತೂ ನಾನು ಒಂದು ಮಾತೂ ಆಡಲಿಲ್ಲ. ಉಳಿದ ಗುಂಡಿಗಳನ್ನೂ ಒಂದೊಂದಾಗಿ ಬೆರಳಿನಿಂದ ಅಲ್ಲಾಡಿಸಿ ನೋಡಿ, ಅಂಗಿ ತೂಗುಹಾಕಿ ಮಲಗಲು ಹೋದ.

ಮೌಲ್ಯಮಾಪನ ಎಂದರೆ ನನಗೆ ಈಗ ಮೊದಲು ನೆನಪಾಗುವುದು ಆ ಮೂರನೆಯ ಗುಂಡಿ. ಎರಡನೆಯ ಗುಂಡಿ ಚೆನ್ನಾಗಿ ಕೂತದ್ದು ನನ್ನ ಮಾತು ಅವನಿಗೆ ತಲುಪಿತು ಎಂಬುದನ್ನಷ್ಟೇ ತೋರಿಸುತ್ತದೆ. ಕಲಿತನೋ ಇಲ್ಲವೋ ಎಂದು ತಿಳಿದದ್ದು ನಾನು ಸುಮ್ಮನಿದ್ದಾಗ.

ರಜೆ ಮುಗಿಸಿ ಅಭ್ಯಾಸ ಬೋಧನೆಗೆ ಮರಳಿದಾಗ ನನಗೆ ಏಳನೆಯ ತರಗತಿಯಲ್ಲಿ ವಿದ್ಯುತ್ಕಾಂತದ ಪಾಠ ಸಿಕ್ಕಿತು. ಕಬ್ಬಿಣದ ಮೊಳೆಗೆ ಅವಾಹಕ ಹೊದಿಕೆಯ ತಂತಿ ಸುತ್ತಿ, ತುದಿಗಳನ್ನು ಶುಷ್ಕಕೋಶಕ್ಕೆ ಜೋಡಿಸಿ, ಗುಂಡುಸೂಜಿಗಳನ್ನು ಎತ್ತಿಸುವುದು. ಮೇಜಿನ ಮೇಲೆ ನಾನೇ ಒಂದನ್ನು ಮಾಡಿ ತೋರಿಸುವ ಬದಲು, ಮಕ್ಕಳನ್ನು ಐದೈದು ಜನರ ಗುಂಪು ಮಾಡಿ, ಕೈ ಹಿಂದೆ ಕಟ್ಟಿಕೊಂಡು ನಿಂತೆ. ಪ್ರತಿ ಹೆಜ್ಜೆಗೂ ಮಕ್ಕಳೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇಟ್ಟಿದ್ದೆ. ತಂತಿಯ ತುದಿಯ ಹೊದಿಕೆ ತೆಗೆದಾಯಿತೇ? ತಾಮ್ರ ಹೊಳೆಯುತ್ತಿದೆಯೇ ನೋಡಿ. ಸುತ್ತಿದ್ದು ಸರಿಯೇ? ತಂತಿಯ ಜಾಡು ಹಿಡಿದು ಬೆರಳಾಡಿಸಿ, ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆಗೆ ತಿರುಗುತ್ತಿದೆಯೇ ನೋಡಿ. ಒಂದು ಗುಂಪಿನ ಮೊಳೆ ಸೂಜಿಗಳನ್ನು ಎತ್ತಲೇ ಇಲ್ಲ. ಬೆರಳಾಡಿಸಿ ನೋಡಿದ ಹುಡುಗಿ, ಅರ್ಧಕ್ಕೆ ಬಂದಾಗ ಮೊಳೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟಿದ್ದೆವು, ಅವಳು ಎದುರು ದಿಕ್ಕಿಗೆ ಸುತ್ತಿದ್ದಾಳೆ ಎಂದು ತಾನೇ ಕಂಡುಹಿಡಿದಳು. ಎರಡು ಅರ್ಧಗಳ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕಿತ್ತು. ಬಿಚ್ಚಿ ಮತ್ತೆ ಸುತ್ತಿದರು.

ಈ ವಿಧಾನಕ್ಕೆ ಮಿತಿಗಳಿವೆ. ನಡುಮನೆಯಲ್ಲಿ ನನ್ನೆದುರು ಇದ್ದವನು ಒಬ್ಬ, ತರಗತಿಯಲ್ಲಿ ಇದ್ದವರು ಮೂವತ್ತೈದು. ತಮ್ಮನ ಸೂಜಿಯ 'ಟಕ್' ಕೇಳಿದಂತೆ ಏಳು ಗುಂಪಿನ ತಡೆಗಳು ಒಟ್ಟಿಗೆ ಕೇಳಿಸುವುದಿಲ್ಲ. ಪರೀಕ್ಷೆ ಮಕ್ಕಳ ಕೈಯಲ್ಲೇ ಇರಬೇಕಾದದ್ದು ಆ ಕಾರಣಕ್ಕೂ ಹೌದು. ನಲವತ್ತು ನಿಮಿಷದ ಅವಧಿಯಲ್ಲಿ ಒಂದು ಚಟುವಟಿಕೆ ಮಾತ್ರ ಮುಗಿಯಿತು, ಟಿಪ್ಪಣಿ ಬರೆಸುವುದು ಮರುದಿನಕ್ಕೆ ಉಳಿಯಿತು. ಆಮ್ಲ, ಬೆಂಕಿ, ಗಾಜು ಕಾಯಿಸುವ ಕೆಲಸಗಳಲ್ಲಿ ಕೈ ಕಟ್ಟಿ ನಿಲ್ಲುವಂತಿಲ್ಲ. ಅಲ್ಲಿ ಮೊದಲು ತೋರಿಸಲೇಬೇಕು. ಬೆರಳಿನ ಗಂಟಿನಂಥ ಕೆಲವು ಚಲನೆಗಳು ಮಾತಿಗೆ ಒಗ್ಗುವುದೇ ಇಲ್ಲ. ಅವಕ್ಕೆ ದವೆ ಅವರ ಮೊದಲ ಮೆಟ್ಟಿಲೇ ಸರಿ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಎರಡು ಅಂಕಣಗಳಿವೆ. ಪ್ರಯೋಗದ ಪಾಠವಿದ್ದಾಗ ನಾನು ಅವುಗಳ ನಡುವಿನ ಗೆರೆಯ ಪಕ್ಕದಲ್ಲಿ ಪೆನ್ಸಿಲಿನಿಂದ, ಆ ಹೆಜ್ಜೆ ಸರಿಯಾಯಿತೆಂದು ಮಗು ನನ್ನನ್ನು ಕೇಳದೆ ಹೇಗೆ ತಿಳಿಯುತ್ತದೆ ಎಂದು ಬರೆದುಕೊಳ್ಳುತ್ತೇನೆ. ಬರೆಯಲು ಏನೂ ತೋಚದ ಹೆಜ್ಜೆ ಇದ್ದರೆ ಅದನ್ನು ಇನ್ನೂ ಎರಡಾಗಿ ಒಡೆಯುತ್ತೇನೆ. ಕಳೆದ ವಾರ ಅಮ್ಮ ಫೋನಿನಲ್ಲಿ ಮಾತಾಡುತ್ತ, ಅಪ್ಪನ ಅಂಗಿಯ ತೋಳಿನ ಗುಂಡಿ ಬಿದ್ದಿತ್ತು, ಇವನೇ ಹಾಕಿಕೊಟ್ಟ, ಆದರೆ ನನ್ನ ಬೆಂಕಿಪೊಟ್ಟಣ ಎಲ್ಲಿಟ್ಟನೋ ಸಿಗುತ್ತಿಲ್ಲ ಎಂದರು.